ರದ್ದು ಮಾಡಿದ ಮೇಲೂ ಹಣ ಹೋಯಿತೇ? ಪೋಷಕ ವೇದಿಕೆಯ ಕೊನೆಯ ಕಡಿತವನ್ನು ಪತ್ತೆ ಹಚ್ಚುವ ಬಗೆ

ದೂರು ಯಾವಾಗಲೂ ಒಂದೇ ರೀತಿಯಲ್ಲಿ ಬರುತ್ತದೆ. ಪೇಟ್ರಿಯಾನ್‌ನಂಥ ಪೋಷಕ ವೇದಿಕೆಯಲ್ಲಿ, ಅಂದರೆ ಕಲಾವಿದರು, ಬರಹಗಾರರಂಥ ಕ್ರಿಯೇಟರ್‌ಗಳಿಗೆ ಮೆಚ್ಚಿದವರು ಹಣ ಕೊಟ್ಟು ಬೆಂಬಲಿಸುವ ತಾಣದಲ್ಲಿ, ಪ್ರತಿ ತಿಂಗಳು ಒಬ್ಬ ಕ್ರಿಯೇಟರ್‌ಗೆ ಹಣ ಕೊಡುತ್ತಿದ್ದವರು ಬೆಂಬಲ ನಿಲ್ಲಿಸುತ್ತಾರೆ, ಪರದೆಯ ಮೇಲೆ ರದ್ದಾಯಿತು ಎಂಬ ಮಾತನ್ನೂ ಓದುತ್ತಾರೆ. ಒಂದೆರಡು ದಿನ ಕಳೆದ ಮೇಲೆ ಅದೇ ವೇದಿಕೆಯ ಹೆಸರಿನಲ್ಲಿ ಕಾರ್ಡಿನಿಂದ ಹಣ ಹೋಗಿರುವುದು ಕಾಣುತ್ತದೆ. ರದ್ದತಿ ಕೆಲಸ ಮಾಡಲಿಲ್ಲ ಎಂದು ಅವರು ತೀರ್ಮಾನಿಸುತ್ತಾರೆ. ಕಾರ್ಡನ್ನೇ ಬಂದ್ ಮಾಡಿಸುತ್ತಾರೆ, ಇಲ್ಲವೇ ಬ್ಯಾಂಕಿನಲ್ಲಿ ವಿವಾದ ಹೂಡುತ್ತಾರೆ.

ನಾನು ನೋಡಿರುವ ಇಂಥ ಪ್ರಕರಣಗಳಲ್ಲಿ ರದ್ದತಿ ನಿಜವಾಗಿಯೂ ವಿಫಲವಾದದ್ದು ತೀರ ಅಪರೂಪ. ಹೆಚ್ಚಿನ ಸಲ ಹಣ ರದ್ದತಿಗೆ ಮೊದಲೇ ಹೋಗಿರುತ್ತದೆ ಮತ್ತು ನಮ್ಮ ಕಣ್ಣಿಗೆ ಆಮೇಲೆ ಬಿದ್ದಿರುತ್ತದೆ. ಕೆಲವು ಸಲ ಅದು ಬೇರೊಬ್ಬ ಕ್ರಿಯೇಟರ್‌ಗೆ ಹೋದ ಹಣ. ಇನ್ನು ಕೆಲವು ಸಲ ಪಾವತಿ ಶುರುವಾದ ಜಾಗ ಒಂದು, ರದ್ದು ಮಾಡಿದ ಜಾಗ ಇನ್ನೊಂದು. ಈ ಮೂರರಲ್ಲಿ ಯಾವುದು ಎಂದು ತಿಳಿಯುವವರೆಗೆ ಯಾವ ಗುಂಡಿಯನ್ನೂ ಒತ್ತಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅವಸರದಲ್ಲಿ ಮಾಡಿದ ಎರಡನೆಯ ಕೆಲಸ ಮೊದಲಿನ ಗೊಂದಲದ ಗುರುತುಗಳನ್ನು ಅಳಿಸಿಬಿಡುತ್ತದೆ.

ಮೊದಲು ಮೂರು ಸಮಯಗಳನ್ನು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ನೀವು ರದ್ದು ಮಾಡಿದ ದಿನ ಮತ್ತು ಗಂಟೆಯನ್ನು ಬರೆಯಿರಿ. ರದ್ದತಿಯ ದೃಢೀಕರಣ ಇಮೇಲ್ ಬಂದಿದ್ದರೆ ಅದರ ಮೇಲಿನ ಸಮಯವೇ ನಂಬಿಕೆಗೆ ಅರ್ಹ, ನೆನಪು ಅಲ್ಲ. ಅದರ ಕೆಳಗೆ ಕಾರ್ಡಿನಿಂದ ಹಣ ಹೋದ ದಿನ ಮತ್ತು ಗಂಟೆಯನ್ನು ಬರೆಯಿರಿ. ಇದಕ್ಕೆ ಬ್ಯಾಂಕಿನ ಎಸ್‌ಎಂಎಸ್ ನೋಡಬೇಕೇ ಹೊರತು ಬ್ಯಾಂಕ್ ಆ್ಯಪ್‌ನ ಪಟ್ಟಿಯನ್ನಲ್ಲ. ಮೂರನೆಯದು ಜನ ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿ, ಆದರೆ ಉತ್ತರ ಅಡಗಿರುವುದು ಅಲ್ಲಿಯೇ: ಆ ಹಣ ಯಾವ ಅವಧಿಯ ಬೆಂಬಲಕ್ಕೆ ಹೋಯಿತು ಎಂಬುದು. ಇದು ಬ್ಯಾಂಕಿಗೆ ಗೊತ್ತಿರುವುದಿಲ್ಲ. ವೇದಿಕೆಯ ರಸೀದಿಯಲ್ಲಿ ಮಾತ್ರ ಇರುತ್ತದೆ.

ಬ್ಯಾಂಕ್ ಆ್ಯಪ್‌ನ ಪಟ್ಟಿ ಬೇಡ ಎಂದೆ. ಕಾರಣ ಹೀಗಿದೆ. ಕಾರ್ಡಿನ ಪಾವತಿ ಎರಡು ಹಂತಗಳಲ್ಲಿ ನಡೆಯುತ್ತದೆ. ವ್ಯಾಪಾರಿ ಕೇಳಿದ ಕೂಡಲೇ ಬ್ಯಾಂಕ್ ಒಪ್ಪಿಗೆ ಕೊಟ್ಟು ಅಷ್ಟು ಮೊತ್ತವನ್ನು ತೆಗೆದಿಡುವುದು ಮೊದಲ ಹಂತ, ಆಗಲೇ ಎಸ್‌ಎಂಎಸ್ ಬರುತ್ತದೆ. ಲೆಕ್ಕ ಚುಕ್ತಾ ಆಗಿ ಸ್ಟೇಟ್‌ಮೆಂಟಿಗೆ ಏರುವುದು ಎರಡನೆಯ ಹಂತ. ವಿದೇಶಿ ವ್ಯಾಪಾರಿಯಾದರೆ ಇವೆರಡರ ನಡುವೆ ಒಂದೆರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಳೆಯುತ್ತದೆ. ಆ್ಯಪ್‌ನಲ್ಲಿ ಎದ್ದು ಕಾಣುವ ದಿನಾಂಕ ಹಲವು ಬ್ಯಾಂಕುಗಳಲ್ಲಿ ಎರಡನೆಯ ಹಂತದ್ದು. ಒಂದನೆಯ ತಾರೀಖು ಹೋದ ಹಣ ಮೂರನೆಯ ತಾರೀಖಿನ ಸಾಲಿನಲ್ಲಿ ಕುಳಿತಿರುತ್ತದೆ. ಎರಡನೆಯ ತಾರೀಖು ರದ್ದು ಮಾಡಿದವರಿಗೆ ಅದು ಮೋಸದಂತೆಯೇ ಕಾಣುತ್ತದೆ.

ಈ ಮೂರೂ ಸಮಯಗಳನ್ನು ಒಂದೇ ಗಡಿಯಾರಕ್ಕೆ ಇಳಿಸಬೇಕು. ಪೇಟ್ರಿಯಾನ್ ಸ್ಯಾನ್ ಫ್ರಾನ್ಸಿಸ್ಕೊದ ಸಂಸ್ಥೆ. ಅಲ್ಲಿ ತಿಂಗಳ ಒಂದನೆಯ ತಾರೀಖಿನ ಕಡಿತಗಳು ಅಮೆರಿಕದ ಪಶ್ಚಿಮ ಕರಾವಳಿಯ ಕಾಲಮಾನದ ಪ್ರಕಾರ ನಡೆಯುತ್ತವೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿನ ನಡುರಾತ್ರಿ ಎಂದರೆ ಬೆಂಗಳೂರಿನಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಉಳಿದ ತಿಂಗಳುಗಳಲ್ಲಿ ಮಧ್ಯಾಹ್ನ ಒಂದೂವರೆ. ಅಂದರೆ ನಮ್ಮ ಒಂದನೆಯ ತಾರೀಖಿನ ಬೆಳಗ್ಗೆ ಅಲ್ಲಿ ಇನ್ನೂ ಹಿಂದಿನ ತಿಂಗಳ ಕೊನೆಯ ಸಂಜೆ. ನಮ್ಮ ಎರಡನೆಯ ತಾರೀಖಿನ ಬೆಳಗಿನ ಜಾವ ಅಲ್ಲಿ ಇನ್ನೂ ಒಂದನೆಯ ತಾರೀಖು. ಎರಡನೆಯ ತಾರೀಖು ಬೆಳಗಿನ ಮೂರು ಗಂಟೆಗೆ ಬಂದ ಎಸ್‌ಎಂಎಸ್ ತಡವಾದ ಕಡಿತವೇನೂ ಅಲ್ಲ, ಅಲ್ಲಿನ ಲೆಕ್ಕದಲ್ಲಿ ಅದು ಸರಿಯಾದ ದಿನವೇ. ಸದಸ್ಯರ ಸಂಖ್ಯೆ ದೊಡ್ಡದಾದ್ದರಿಂದ ಒಂದನೆಯ ತಾರೀಖಿನ ಕೆಲಸ ಒಂದೇ ಕ್ಷಣದಲ್ಲಿ ಮುಗಿಯುವುದಿಲ್ಲ. ಇಬ್ಬರು ಗೆಳೆಯರು ಒಬ್ಬರೇ ಕಲಾವಿದರಿಗೆ ಬೆಂಬಲ ಕೊಡುತ್ತಿದ್ದರೂ ಅವರ ಎಸ್‌ಎಂಎಸ್‌ಗಳು ಗಂಟೆಗಟ್ಟಲೆ ಅಂತರದಲ್ಲಿ ಬರಬಹುದು.

ಹಾಗಾದರೆ ಒಂದನೆಯ ತಾರೀಖು ಬೆಳಗ್ಗೆ ರದ್ದು ಮಾಡಿದರೂ ಸಾಕೇ ಎಂದು ಕೇಳುತ್ತಾರೆ. ಲೆಕ್ಕದ ಪ್ರಕಾರ ಸಾಕಾಗಬಹುದು. ಆದರೂ ಆ ಕೆಲವು ಗಂಟೆಗಳನ್ನು ನೆಚ್ಚಿಕೊಳ್ಳಬೇಡಿ ಎನ್ನುತ್ತೇನೆ. ತಿಂಗಳ ಕೊನೆಯ ವಾರದಲ್ಲಿ ಮಾಡಿ ಮುಗಿಸುವುದರಿಂದ ಏನೂ ಕಳೆದುಹೋಗುವುದಿಲ್ಲ.

ಕ್ರಿಯೇಟರ್ ಯಾವ ಪದ್ಧತಿಯಲ್ಲಿ ಹಣ ಪಡೆಯುತ್ತಾರೆ?

ಒಂದೇ ವೇದಿಕೆಯಲ್ಲಿದ್ದರೂ ಎಲ್ಲ ಕ್ರಿಯೇಟರ್‌ಗಳ ಲೆಕ್ಕ ಒಂದೇ ದಿನಕ್ಕೆ ಬೀಳುವುದಿಲ್ಲ. ಕೆಲವರ ಪುಟದಲ್ಲಿ ಸೇರಿದ ದಿನವೇ ಹಣ ಹೋಗಿ, ನಂತರ ಪ್ರತಿ ತಿಂಗಳ ಒಂದನೆಯ ತಾರೀಖು ಹೋಗುತ್ತದೆ. ಕೆಲವರಲ್ಲಿ ಸೇರಿದ ತಾರೀಖೇ ಪ್ರತಿ ತಿಂಗಳ ಕಡಿತದ ತಾರೀಖು: ಹದಿನೇಳರಂದು ಸೇರಿದರೆ ಮುಂದೆಯೂ ಹದಿನೇಳರಂದೇ. ಇವೆರಡರಲ್ಲೂ ಹಣ ಮುಂಗಡ. ಕೊಟ್ಟ ದಿನದಿಂದ ಮುಂದಿನ ಕಡಿತದ ದಿನದವರೆಗಿನ ಬೆಂಬಲಕ್ಕೆ ಅದು ಸಲ್ಲುತ್ತದೆ. ಆದ್ದರಿಂದ ರದ್ದು ಮಾಡಿದ ಮೇಲೂ ಹಣ ಕೊಟ್ಟ ಅವಧಿ ಮುಗಿಯುವವರೆಗೆ ಬರಹ, ವಿಡಿಯೊ, ಪಾಠಗಳೆಲ್ಲ ತೆರೆದೇ ಇರುತ್ತವೆ. ಕಡಿತವಾದ ಮರುದಿನವೇ ರದ್ದು ಮಾಡಿಟ್ಟರೂ ತಿಂಗಳಿಡೀ ಓದಬಹುದು. ಕೊನೆಯ ದಿನದವರೆಗೆ ಕಾಯುತ್ತ ಕೂರುವವರಿಗೆ ಈ ಸಂಗತಿಯನ್ನು ಒತ್ತಿ ಹೇಳಬೇಕಾಗುತ್ತದೆ.

ಮೂರನೆಯ ಬಗೆಯೊಂದಿದೆ, ಹಳೆಯ ಕ್ರಿಯೇಟರ್‌ಗಳಲ್ಲಿ ಕೆಲವರು ಅದನ್ನು ಬಳಸುತ್ತ ಬಂದಿದ್ದಾರೆ. ಅಲ್ಲಿ ತಿಂಗಳಿಗೆ ಇಷ್ಟು ಎಂದಿರುವುದಿಲ್ಲ, ಪ್ರತಿ ಕೃತಿಗೆ ಇಷ್ಟು ಎಂದಿರುತ್ತದೆ. ತಿಂಗಳಲ್ಲಿ ಎಷ್ಟು ಕೃತಿಗಳು ಪ್ರಕಟವಾದವೋ ಅಷ್ಟರ ಹಣ ಮುಂದಿನ ಒಂದನೆಯ ತಾರೀಖು ಒಟ್ಟಾಗಿ ಹೋಗುತ್ತದೆ. ಮನೆಗೆ ಪೇಪರ್ ಹಾಕುವವರು ತಿಂಗಳು ಮುಗಿದ ಮೇಲೆ ಬಂದು ಬಿಲ್ ಕೊಡುವ ಹಾಗೆ. ಇಪ್ಪತ್ತನೆಯ ತಾರೀಖು ಪೇಪರ್ ಬೇಡವೆಂದರೂ ಹತ್ತೊಂಬತ್ತು ದಿನಗಳ ಬಾಕಿ ಉಳಿಯುತ್ತದೆ. ಈ ಪದ್ಧತಿಯಲ್ಲಿ ಮಾತ್ರ ರದ್ದತಿಯ ನಂತರ ನ್ಯಾಯವಾಗಿಯೇ ಒಂದು ಕಡಿತ ಬರುತ್ತದೆ. ನೀವು ಸದಸ್ಯರಾಗಿದ್ದಾಗ ಪ್ರಕಟವಾದ ಕೃತಿಗಳ ಬಾಕಿ ಅದು. ರಸೀದಿಯಲ್ಲಿ ಕೃತಿಗಳ ಹೆಸರೇ ಇರುವುದರಿಂದ ಗುರುತಿಸುವುದು ಸುಲಭ.

ನಿಮ್ಮದು ಯಾವ ಬಗೆ ಎಂದು ಊಹಿಸುವ ಅಗತ್ಯವಿಲ್ಲ. ವೇದಿಕೆಯ ಸೆಟ್ಟಿಂಗ್ಸ್‌ನಲ್ಲಿ ಸದಸ್ಯತ್ವಗಳ ಪಟ್ಟಿ ಇರುತ್ತದೆ. ಪ್ರತಿ ಕ್ರಿಯೇಟರ್‌ನ ಹೆಸರಿನ ಎದುರು ಮುಂದಿನ ಕಡಿತದ ದಿನ, ರದ್ದಾಗಿದ್ದರೆ ಪ್ರವೇಶ ಮುಗಿಯುವ ದಿನ ಕಾಣುತ್ತದೆ. ಪಾವತಿಯ ಇತಿಹಾಸ ಪೇಟ್ರಿಯಾನ್‌ನಲ್ಲಿ `Billing history` ಎಂಬ ಹೆಸರಿನಲ್ಲಿದೆ. ರಸೀದಿಗಳು ಅಲ್ಲಿಯೇ ಸಿಗುತ್ತವೆ.

ಆಯುಧಪೂಜೆಯ ಸಂಜೆಯ ಪ್ರಕರಣ

ಮಲ್ಲೇಶ್ವರದಲ್ಲಿರುವ ನನ್ನ ಅಕ್ಕನ ಮಗಳು ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುತ್ತಾಳೆ. ಪೆನ್ಸಿಲ್ ಚಿತ್ರಕಲೆ ಕಲಿಸುವ ವಿದೇಶಿ ಕಲಾವಿದರೊಬ್ಬರಿಗೆ ತಿಂಗಳಿಗೆ ಐದು ಡಾಲರ್ ಕೊಡುತ್ತಿದ್ದಳು. ಸಂಜೆ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಮನೆ ಸೇರುವ ಹೊತ್ತಿಗೆ ಚಿತ್ರ ಬರೆಯಲು ಕೈ ಏಳುವುದಿಲ್ಲ ಎಂದು 2025ರ ಅಕ್ಟೋಬರ್ 1ರಂದು ಬೆಂಬಲ ನಿಲ್ಲಿಸಿದಳು. ಅಂದು ಆಯುಧಪೂಜೆ, ರಜೆ. ಸಂಜೆ ಗಾಡಿ ಪೂಜೆ ಮುಗಿಸಿ ರಾತ್ರಿ ಎಂಟೂಕಾಲಕ್ಕೆ ರದ್ದು ಮಾಡಿದ್ದಾಳೆ. ಅಕ್ಟೋಬರ್ 3ರಂದು ಬ್ಯಾಂಕ್ ಆ್ಯಪ್ ತೆರೆದಾಗ ವೇದಿಕೆಯ ಹೆಸರಿನಲ್ಲಿ ಹಣ ಹೋಗಿತ್ತು. ಅಷ್ಟಕ್ಕೇ ಮುಗಿಯಲಿಲ್ಲ, 17ರಂದು ಮತ್ತೊಮ್ಮೆ ಹೋಯಿತು.

"ಮಾಮ, ಎರಡೆರಡು ಸಲ ಕಿತ್ತುಕೊಂಡಿದ್ದಾರೆ. ಕಾರ್ಡ್ ಬ್ಲಾಕ್ ಮಾಡಿಸಿಬಿಡಲೇ?" ಎಂದು ಫೋನ್ ಮಾಡಿದಳು.

"ಈಗಲೇ ಬೇಡ. ಒಂದನೆಯ ತಾರೀಖಿನ ಎಸ್‌ಎಂಎಸ್‌ಗಳನ್ನು ಮೊದಲಿನಿಂದ ನೋಡು" ಎಂದೆ.

ಹಬ್ಬದ ಶುಭಾಶಯಗಳ ನಡುವೆ ಹೂತುಹೋಗಿದ್ದ ಬ್ಯಾಂಕಿನ ಸಂದೇಶ ಸಿಕ್ಕಿತು. ಅಕ್ಟೋಬರ್ 1, ಮಧ್ಯಾಹ್ನ 2.50. ಆಗ ಪಶ್ಚಿಮ ಕರಾವಳಿಯಲ್ಲಿ ಒಂದನೆಯ ತಾರೀಖಿನ ಬೆಳಗಿನ ಜಾವ 2.20. ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಅಲ್ಲಿ ತಾರೀಖು ಬದಲಾಗಿ ಸುಮಾರು ಎರಡು ಗಂಟೆ ಕಳೆಯುವಷ್ಟರಲ್ಲಿ ಅವಳ ಸರದಿ ಬಂದಿತ್ತು. ಅವಳು ರದ್ದು ಮಾಡಿದ್ದು ಅದಾಗಿ ಸುಮಾರು ಐದೂವರೆ ಗಂಟೆಯ ನಂತರ. ಆ್ಯಪ್‌ನಲ್ಲಿದ್ದ ಮೂರನೆಯ ತಾರೀಖು ಲೆಕ್ಕ ಚುಕ್ತಾ ಆದ ದಿನ. ರಸೀದಿಯೂ ಅದನ್ನೇ ಹೇಳಿತು: ಅಕ್ಟೋಬರ್ ತಿಂಗಳ ಸದಸ್ಯತ್ವ, ಐದು ಡಾಲರ್. ರದ್ದತಿಯ ಪುಟದಲ್ಲಿ ಪ್ರವೇಶ ಅಕ್ಟೋಬರ್ ಕೊನೆಯವರೆಗೆ ಎಂದಿತ್ತು. ಅಂದರೆ ರದ್ದತಿ ಸರಿಯಾಗಿಯೇ ಆಗಿತ್ತು, ತಡವಾಗಿತ್ತು ಅಷ್ಟೆ. ಸೆಪ್ಟೆಂಬರ್ 30ರ ರಾತ್ರಿ ಮಾಡಿದ್ದರೆ ಈ ಹಣ ಹೋಗುತ್ತಿರಲಿಲ್ಲ.

ಮೊತ್ತದ ಬಗ್ಗೆಯೂ ಅವಳಿಗೆ ಅನುಮಾನವಿತ್ತು, ಐದು ಡಾಲರಿಗೆ ಇಷ್ಟೊಂದು ಆಗುವುದಿಲ್ಲ ಎಂದು. ಲೆಕ್ಕ ಹಾಕಿ ನೋಡೋಣ. ಡಾಲರಿಗೆ ₹88 ಎಂದು ಹಿಡಿದರೆ ಐದು ಡಾಲರ್ ₹440. ಬ್ಯಾಂಕು ವಿದೇಶಿ ವಿನಿಮಯಕ್ಕೆ ಶೇ 3.5 ಸೇರಿಸಿದರೆ ₹15.40. ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ₹2.77. ಒಟ್ಟು ₹458.17. ಈ ಶುಲ್ಕವನ್ನು ಕೆಲವು ಬ್ಯಾಂಕುಗಳು ಅದೇ ಸಾಲಿಗೆ ಸೇರಿಸುತ್ತವೆ, ಕೆಲವು ಪ್ರತ್ಯೇಕ ಸಾಲಾಗಿ ಕೆಲವು ದಿನಗಳ ನಂತರ ಹಾಕುತ್ತವೆ. ಹೀಗೆ ಪ್ರತ್ಯೇಕವಾಗಿ ಬಂದ ಹದಿನೆಂಟು ರೂಪಾಯಿಯ ಸಾಲನ್ನು ಇನ್ನೊಂದು ಕಡಿತವೆಂದು ತಿಳಿದವರೂ ಇದ್ದಾರೆ. ಶುಲ್ಕದ ಪ್ರಮಾಣ ಕಾರ್ಡಿನಿಂದ ಕಾರ್ಡಿಗೆ ಬೇರೆಯಾಗಿರುತ್ತದೆ. ಆದ್ದರಿಂದ ರೂಪಾಯಿಯ ಮೊತ್ತವನ್ನು ರೂಪಾಯಿಯ ಜೊತೆ ಹೋಲಿಸಬೇಡಿ, ರಸೀದಿಯ ಡಾಲರ್ ಮೊತ್ತವನ್ನು ಹಿಡಿದು ಮುಂದೆ ಸಾಗಿ. ವೇದಿಕೆ ತೆರಿಗೆ ಸೇರಿಸಿದ್ದರೆ ಅದೂ ರಸೀದಿಯಲ್ಲೇ ಕಾಣುತ್ತದೆ.

ಉಳಿದದ್ದು 17ರ ಕಡಿತ. ಅಲ್ಲಿ ಹೋಗಿದ್ದು ₹275ರ ಆಸುಪಾಸು. ಅದೇ ಲೆಕ್ಕವನ್ನು ಹಿಂದಕ್ಕೆ ಹಾಕಿದರೆ ಮೂರು ಡಾಲರ್. ಚಿತ್ರಕಲೆಯ ಶಿಕ್ಷಕರಿಗೆ ಅವಳು ಎಂದೂ ಮೂರು ಡಾಲರ್ ಕೊಟ್ಟವಳಲ್ಲ. ಪಾವತಿಯ ಇತಿಹಾಸ ತೆರೆದಾಗ ಇನ್ನೊಂದು ಹೆಸರು ಸಿಕ್ಕಿತು: ಮಣ್ಣಿನ ಪಾತ್ರೆಗಳ ಇತಿಹಾಸ ಹೇಳುವ ಒಬ್ಬರು. ಬೇಸಿಗೆಯಲ್ಲಿ ಒಂದು ವಿಡಿಯೊ ನೋಡಿ ಮೆಚ್ಚಿ ಸೇರಿದ್ದಳು, ಸೇರಿದ ತಾರೀಖು ಹದಿನೇಳು. ಅವರ ಪುಟದಲ್ಲಿ ಸೇರಿದ ತಾರೀಖಿನ ಪದ್ಧತಿ.

ಬ್ಯಾಂಕಿನ ಎಸ್‌ಎಂಎಸ್‌ನಲ್ಲಿ ಕ್ರಿಯೇಟರ್‌ನ ಹೆಸರು ಇರುವುದಿಲ್ಲ, ವೇದಿಕೆಯ ಹೆಸರು ಮಾತ್ರ ಇರುತ್ತದೆ. ನೀವು ನಾಲ್ವರಿಗೆ ಬೆಂಬಲ ಕೊಡುತ್ತಿದ್ದರೂ ಬ್ಯಾಂಕಿಗೆ ವ್ಯಾಪಾರಿ ಒಬ್ಬನೇ. ಒಂದನೆಯ ತಾರೀಖಿನ ಪದ್ಧತಿಯಲ್ಲಿ ಹಲವು ಕ್ರಿಯೇಟರ್‌ಗಳ ಮೊತ್ತವನ್ನು ಕೂಡಿಸಿ ಒಂದೇ ಕಡಿತವಾಗಿ ತೆಗೆಯುವುದೂ ಉಂಟು. ಹಾಗಿದ್ದಾಗ ಒಬ್ಬರನ್ನು ಬಿಟ್ಟರೆ ಮುಂದಿನ ತಿಂಗಳ ಕಡಿತ ನಿಲ್ಲುವುದಿಲ್ಲ, ಅದರ ಮೊತ್ತ ಇಳಿಯುತ್ತದೆ. ಕಡಿತ ಬಂತೇ ಇಲ್ಲವೇ ಎಂದು ಮಾತ್ರ ನೋಡುವವರು ಇಲ್ಲಿ ಎಡವುತ್ತಾರೆ. ಎಷ್ಟು ಬಂತು ಎಂದು ನೋಡಬೇಕು.

ಬ್ಯಾಂಕಿನ ಮುನ್ಸೂಚನೆಯನ್ನು ಓದುವ ಬಗೆ

ನಮ್ಮ ದೇಶದ ಕಾರ್ಡುಗಳಿಗೆ ಈ ವಿಷಯದಲ್ಲಿ ಒಂದು ಒಳ್ಳೆಯ ರಕ್ಷಣೆ ಇದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ತಾನಾಗಿ ಮರುಕಳಿಸುವ ಕಾರ್ಡ್ ಪಾವತಿಗಳಿಗೆ ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ನಿಯಮ ತಂದಿತು. 2021ರ ಅಕ್ಟೋಬರ್ 1ರಿಂದ ಅದು ಕಟ್ಟುನಿಟ್ಟಾಗಿ ಜಾರಿಯಲ್ಲಿದೆ, ವಿದೇಶಿ ವ್ಯಾಪಾರಿಗಳಿಗೂ ಅನ್ವಯಿಸುತ್ತದೆ. ಮೊದಲ ಸಲ ಒಟಿಪಿ ಕೊಟ್ಟು ನೀವು ಅನುಮತಿ ನೋಂದಾಯಿಸಬೇಕು, ಇದಕ್ಕೆ ಇ-ಮ್ಯಾಂಡೇಟ್ ಎನ್ನುತ್ತಾರೆ. ಆಮೇಲೆ ₹15,000ದವರೆಗಿನ ಕಡಿತಗಳು ಒಟಿಪಿ ಇಲ್ಲದೆ ನಡೆಯುತ್ತವೆ, ಆದರೆ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ಮುನ್ಸೂಚನೆ ಕಳುಹಿಸಬೇಕು. ಅದರಲ್ಲಿ ವ್ಯಾಪಾರಿಯ ಹೆಸರು, ಮೊತ್ತ, ಕಡಿತದ ದಿನ, ಉಲ್ಲೇಖ ಸಂಖ್ಯೆ, ಕಾರಣ ಇರಬೇಕು. ಆ ಒಂದು ಕಡಿತವನ್ನು ಅಥವಾ ಇಡೀ ಅನುಮತಿಯನ್ನು ನಿಲ್ಲಿಸುವ ದಾರಿಯೂ ಇರಬೇಕು.

ದೋಷ ಪತ್ತೆಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ರದ್ದು ಮಾಡಿದ ಮುಂದಿನ ಕಡಿತದ ದಿನಕ್ಕೆ ಮೊದಲು ಮುನ್ಸೂಚನೆ ಬಂದರೆ ಎಲ್ಲೋ ಒಂದು ಸದಸ್ಯತ್ವ ಜೀವಂತವಾಗಿದೆ ಎಂದು ತಿಳಿಯಬೇಕು. ಹಣ ಇನ್ನೂ ಹೋಗಿಲ್ಲ, ಕೈಯಲ್ಲಿ ಒಂದು ದಿನವಿದೆ. ಸದಸ್ಯತ್ವಗಳ ಪಟ್ಟಿಯನ್ನು ಆಗಲೇ ತೆರೆದು ನೋಡಿ. ನನ್ನ ಅಕ್ಕನ ಮಗಳಿಗೂ ಸೆಪ್ಟೆಂಬರ್ 30ಕ್ಕೆ ಮೊದಲೇ ಒಂದು ಮುನ್ಸೂಚನೆ ಬಂದಿತ್ತು, 16ಕ್ಕೆ ಮೊದಲು ಇನ್ನೊಂದು. ಎರಡನ್ನೂ ಜಾಹೀರಾತೆಂದು ತಿಳಿದು ಬದಿಗೆ ಸರಿಸಿದ್ದಳು.

ಇದರ ತಿರುಗುಮುರುಗನ್ನೂ ಅರಿತಿರಬೇಕು. ಬ್ಯಾಂಕಿನ ಪುಟದಲ್ಲಿ ಅನುಮತಿ ಸಕ್ರಿಯ ಎಂದು ಕಂಡ ಮಾತ್ರಕ್ಕೆ ಹಣ ಹೋಗುತ್ತದೆ ಎಂದಲ್ಲ. ವೇದಿಕೆಯಲ್ಲಿ ರದ್ದು ಮಾಡಿದರೂ ಬ್ಯಾಂಕಿನಲ್ಲಿ ಆ ಅನುಮತಿ ಹಾಗೆಯೇ ಉಳಿದಿರಬಹುದು. ವೇದಿಕೆ ಕೇಳದಿದ್ದರೆ ಬ್ಯಾಂಕು ತಾನಾಗಿ ಏನನ್ನೂ ಕೊಡುವುದಿಲ್ಲ. ಆ ವೇದಿಕೆಯಲ್ಲಿ ನಿಮಗೆ ಬೇರೆ ಯಾರೂ ಉಳಿದಿಲ್ಲವಾದರೆ ಅನುಮತಿಯನ್ನೂ ತೆಗೆದುಹಾಕುವುದು ಅಚ್ಚುಕಟ್ಟು. ಬೇರೆಯವರಿಗೆ ಬೆಂಬಲ ಮುಂದುವರಿಯುತ್ತಿದ್ದರೆ ತೆಗೆಯಬೇಡಿ, ಅವರ ಹಣವೂ ನಿಂತುಹೋಗುತ್ತದೆ.

ಕ್ರಮ ತಪ್ಪಿಸಿ ಬ್ಯಾಂಕಿನಲ್ಲಿ ಮಾತ್ರ ಅನುಮತಿ ಕಿತ್ತುಹಾಕಿ ವೇದಿಕೆಯಲ್ಲಿ ರದ್ದು ಮಾಡದೆ ಬಿಡುವವರೂ ಇದ್ದಾರೆ. ಕಾರ್ಡ್ ಬ್ಲಾಕ್ ಮಾಡಿಸುವುದೂ ಇದೇ ಜಾತಿಯ ಕೆಲಸ. ವೇದಿಕೆಯ ಲೆಕ್ಕದಲ್ಲಿ ಅವರು ಇನ್ನೂ ಸದಸ್ಯರು, ಪಾವತಿ ಮಾತ್ರ ವಿಫಲ. ಅದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಪಾವತಿ ಸರಿಪಡಿಸಿ ಎಂಬ ಇಮೇಲ್‌ಗಳು ಬರುತ್ತಲೇ ಇರುತ್ತವೆ. ಕೆಲವು ದಿನಗಳ ಬಳಿಕ ಇನ್ನೊಬ್ಬ ಕ್ರಿಯೇಟರ್‌ಗಾಗಿ ಹೊಸ ಕಾರ್ಡ್ ಸೇರಿಸಿದರೆ ವಿಫಲವಾಗಿದ್ದ ಹಳೆಯ ಪಾವತಿಯೂ ಆ ಕಾರ್ಡಿನ ಮೇಲೆ ಬೀಳಬಹುದು. ಅದನ್ನು ನೋಡಿದವರು ದಂಗಾಗುತ್ತಾರೆ. ಆದ್ದರಿಂದ ಮೊದಲು ವೇದಿಕೆ, ಆಮೇಲೆ ಬ್ಯಾಂಕು, ಇದೇ ಕ್ರಮ.

ಪಟ್ಟಿಯಲ್ಲಿ ಏನೂ ಇಲ್ಲ, ಹಣ ಮಾತ್ರ ಹೋಗುತ್ತಿದೆ

ಸದಸ್ಯತ್ವಗಳ ಪಟ್ಟಿ ಖಾಲಿ, ಪಾವತಿಯ ಇತಿಹಾಸದಲ್ಲೂ ಈ ಕಡಿತ ಇಲ್ಲ, ಆದರೂ ಬ್ಯಾಂಕು ಹಣ ಹೋಗಿದೆ ಎನ್ನುತ್ತಿದ್ದರೆ ನೀವು ನೋಡುತ್ತಿರುವ ಜಾಗ ತಪ್ಪು.

ಐಫೋನ್ ಇರುವವರು ಮೊದಲು ಬ್ಯಾಂಕಿನ ಸಾಲಿನಲ್ಲಿ ವ್ಯಾಪಾರಿಯ ಹೆಸರು ಏನೆಂದು ನೋಡಲಿ. ವೇದಿಕೆಯ ಹೆಸರಿನ ಬದಲು ಆ್ಯಪಲ್ ಎಂದಿದ್ದರೆ ನೀವು ಫೋನಿನ ಆ್ಯಪ್ ಒಳಗಿನಿಂದಲೇ, ಆ್ಯಪಲ್‌ನ ಪಾವತಿಯ ಮೂಲಕ ಸೇರಿದ್ದೀರಿ. ಅಂಥ ಸದಸ್ಯತ್ವವನ್ನು ನಿಲ್ಲಿಸುವ ಜಾಗವೂ ಆ್ಯಪಲ್‌ನಲ್ಲೇ ಇದೆ: ಫೋನಿನ `Settings` ತೆರೆದು ಮೇಲಿರುವ ನಿಮ್ಮ ಹೆಸರನ್ನು ಮುಟ್ಟಿ `Subscriptions` ನೋಡಬೇಕು. ವೇದಿಕೆಯ ಆ್ಯಪನ್ನು ಫೋನಿನಿಂದ ಅಳಿಸಿದರೆ ಏನೂ ನಿಲ್ಲುವುದಿಲ್ಲ. ಆ್ಯಪಲ್ ಮುಂದಿನ ಅವಧಿಯ ಹಣವನ್ನು ಅವಧಿ ಮುಗಿಯುವ ಮೊದಲಿನ 24 ಗಂಟೆಯೊಳಗೇ ತೆಗೆದುಕೊಳ್ಳಬಹುದು, ಆದ್ದರಿಂದ ಕೊನೆಯ ದಿನದವರೆಗೆ ಕಾಯುವುದು ಇಲ್ಲಿ ಇನ್ನಷ್ಟು ಅಪಾಯ. ಈ ದಾರಿಯಲ್ಲಿ ಹೋದ ಹಣವನ್ನು ಹಿಂದಿರುಗಿಸುವಂತೆ ಕೇಳಬೇಕಾದದ್ದೂ ಆ್ಯಪಲ್‌ನಲ್ಲೇ, `reportaproblem.apple.com` ಪುಟದಲ್ಲಿ. ಕ್ರಿಯೇಟರ್ ಮನಸ್ಸು ಮಾಡಿದರೂ ಅದನ್ನು ಕೊಡಲು ಅವರ ಕೈಯಲ್ಲಿ ಇರುವುದಿಲ್ಲ.

ಸಾಲಿನಲ್ಲಿ ವೇದಿಕೆಯದೇ ಹೆಸರಿದ್ದು ಪಟ್ಟಿ ಖಾಲಿಯಿದ್ದರೆ ನಿಮಗೆ ಎರಡು ಖಾತೆಗಳಿರುವ ಸಾಧ್ಯತೆ ಹೆಚ್ಚು. ಒಮ್ಮೆ ಗೂಗಲ್ ಮೂಲಕ ಒಳಹೋಗಿರುತ್ತೀರಿ, ಇನ್ನೊಮ್ಮೆ ಕಚೇರಿಯ ಇಮೇಲ್ ಕೊಟ್ಟಿರುತ್ತೀರಿ. ಆ್ಯಪಲ್‌ನ ಇಮೇಲ್ ಮರೆಮಾಚುವ ಸೌಲಭ್ಯ ಬಳಸಿದ್ದರೆ ಆ ವಿಳಾಸ ನಿಮಗೇ ನೆನಪಿರುವುದಿಲ್ಲ. ನಿಮ್ಮ ಎಲ್ಲ ಅಂಚೆಪೆಟ್ಟಿಗೆಗಳಲ್ಲೂ ವೇದಿಕೆಯ ಹೆಸರನ್ನು ಹುಡುಕಿ, ರಸೀದಿ ಯಾವ ವಿಳಾಸಕ್ಕೆ ಬಂದಿದೆಯೋ ಆ ಖಾತೆಯೇ ಹಣ ಕೊಡುತ್ತಿದೆ. ಬೆಂಗಳೂರಿನಲ್ಲಿ ಕೆಲಸ ಬದಲಿಸುವವರು ಬಹಳ. ಹಳೆಯ ಕಚೇರಿಯ ಇಮೇಲ್‌ನಿಂದ ತೆರೆದ ಖಾತೆಗೆ ಹೊಸ ಕಚೇರಿ ಸೇರಿದ ಮೇಲೆ ಒಳಹೋಗಲಾಗದೆ ಪರದಾಡುವವರನ್ನು ಕಂಡಿದ್ದೇನೆ. ಅಂಥವರು ವೇದಿಕೆಯ ಸಹಾಯ ವಿಭಾಗಕ್ಕೆ ಕಡಿತದ ದಿನ, ಮೊತ್ತ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಬರೆದು ಕಳುಹಿಸಿದರೆ ಅವರು ಖಾತೆಯನ್ನು ಹುಡುಕಬಲ್ಲರು. ಕಾರ್ಡಿನ ಪೂರ್ತಿ ಸಂಖ್ಯೆಯನ್ನು ಯಾವ ಕಾರಣಕ್ಕೂ ಬರೆಯಬಾರದು. ಇಂಥ ಹೊತ್ತಿನಲ್ಲಿ ಮಾತ್ರ ಬ್ಯಾಂಕಿನಲ್ಲಿ ಅನುಮತಿಯನ್ನು ಮೊದಲು ತೆಗೆಯುವುದನ್ನು ನಾನು ಒಪ್ಪುತ್ತೇನೆ.

ಒಂದು ಸುಳ್ಳು ಲಕ್ಷಣವನ್ನೂ ಹೇಳಿಬಿಡಬೇಕು. ರದ್ದು ಮಾಡಿದ ಮೇಲೂ ಆ ಕ್ರಿಯೇಟರ್‌ನಿಂದ ಇಮೇಲ್‌ಗಳು ಬರುತ್ತಿದ್ದರೆ ಬೆಂಬಲ ನಿಂತಿಲ್ಲ ಎಂದು ಗಾಬರಿಯಾಗಬೇಡಿ. ಹಣ ಕೊಡದ ಉಚಿತ ಸದಸ್ಯರಾಗಿ ನೀವು ಅಲ್ಲಿ ಉಳಿದಿರಬಹುದು. ಹಣದ ಸುಳಿವು ಇಮೇಲ್‌ನಲ್ಲಿಲ್ಲ, ಸದಸ್ಯತ್ವಗಳ ಪಟ್ಟಿಯಲ್ಲಿದೆ.

ಹಣ ಹಿಂದಕ್ಕೆ ಕೇಳಬಹುದೇ?

ನನ್ನ ಅಕ್ಕನ ಮಗಳೂ ಇದನ್ನೇ ಕೇಳಿದಳು. ಐದು ಡಾಲರ್ ಹೋಗಿದ್ದು ರದ್ದತಿಗೆ ಮೊದಲು, ಅದಕ್ಕೆ ಪ್ರತಿಯಾಗಿ ಒಂದು ತಿಂಗಳ ಪಾಠಗಳು ತೆರೆದಿವೆ. ಕೇಳುವ ಹಕ್ಕು ಅಲ್ಲಿಲ್ಲ. ಆದರೂ ಕೇಳಿ ನೋಡಬಹುದು. ಪೇಟ್ರಿಯಾನ್‌ನಲ್ಲಿ ಹಣ ಹಿಂದಿರುಗಿಸುವ ತೀರ್ಮಾನ ಬಹುಮಟ್ಟಿಗೆ ಕ್ರಿಯೇಟರ್‌ನದೇ, ಅವರ ಕಡೆಯಿಂದ ಹಿಂದಿರುಗಿಸುವ ವ್ಯವಸ್ಥೆಯೂ ಇದೆ. ಒಂದನೆಯ ತಾರೀಖು ಇಂಥ ಗಂಟೆಗೆ ರದ್ದು ಮಾಡಿದೆ, ಕಡಿತ ಅದಕ್ಕೆ ಸ್ವಲ್ಪ ಮೊದಲು ಆಗಿತ್ತು, ಈ ತಿಂಗಳು ನಾನು ಏನನ್ನೂ ನೋಡಿಲ್ಲ ಎಂದು ನಾಲ್ಕು ಸಾಲು ಬರೆದರೆ ಹಲವರು ಒಪ್ಪುತ್ತಾರೆ. ಅವಳು ಬರೆಯಲಿಲ್ಲ, ಅಕ್ಟೋಬರ್ ಮುಗಿಯುವವರೆಗೆ ಪಾಠಗಳನ್ನು ನೋಡುತ್ತೇನೆ ಎಂದಳು. ಮಣ್ಣಿನ ಪಾತ್ರೆಯವರ ಸದಸ್ಯತ್ವವನ್ನು ಅಂದೇ ರದ್ದು ಮಾಡಿದಳು. ಅದರ ಪ್ರವೇಶ ನವೆಂಬರ್ ಮಧ್ಯದವರೆಗೆ ಇತ್ತು.

ಬ್ಯಾಂಕಿನಲ್ಲಿ ವಿವಾದ ಹೂಡುವುದನ್ನು ಇಂಥ ಪ್ರಕರಣಗಳಿಗೆ ಬಳಸಬಾರದು. ನೀವೇ ಅನುಮತಿ ಕೊಟ್ಟು, ಅವಧಿಯ ಒಳಗೇ ಹೋದ ಹಣವನ್ನು ಅನಧಿಕೃತ ಎಂದು ಬ್ಯಾಂಕಿಗೆ ಹೇಳುವುದು ಸುಳ್ಳು ಹೇಳಿದಂತೆ. ವೇದಿಕೆ ರದ್ದತಿ ಮತ್ತು ಕಡಿತದ ಸಮಯಗಳನ್ನು ಮುಂದಿಟ್ಟರೆ ವಿವಾದ ನಿಲ್ಲುವುದೂ ಇಲ್ಲ.

ನಿಜವಾದ ದೋಷಕ್ಕೆ ಗುರುತು ಬೇರೆ. ರದ್ದತಿಯ ದೃಢೀಕರಣ ನಿಮ್ಮ ಬಳಿ ಇರಬೇಕು, ಅದರ ಸಮಯ ಕಡಿತದ ಎಸ್‌ಎಂಎಸ್‌ಗಿಂತ ಮೊದಲಿನದಾಗಿರಬೇಕು, ರಸೀದಿಯಲ್ಲಿರುವ ಅವಧಿ ರದ್ದತಿಯ ನಂತರದ್ದಾಗಿರಬೇಕು, ಕ್ರಿಯೇಟರ್ ಕೂಡ ಅವರೇ ಆಗಿರಬೇಕು. ಈ ನಾಲ್ಕೂ ಕೂಡಿ ಬಂದರೆ ವೇದಿಕೆಯ ಸಹಾಯ ವಿಭಾಗಕ್ಕೆ ಎರಡು ಚಿತ್ರಗಳನ್ನು ಕಳುಹಿಸಿ: ರದ್ದತಿಯ ಇಮೇಲ್ ಮತ್ತು ಕಡಿತದ ರಸೀದಿ. ಬೇರೇನೂ ಬೇಡ. ಸಮಯಗಳ ಪಕ್ಕದಲ್ಲಿ ಭಾರತೀಯ ಕಾಲಮಾನ ಎಂದು ಬರೆಯಿರಿ, ಇಲ್ಲದಿದ್ದರೆ ಅವರು ತಮ್ಮ ಗಡಿಯಾರದಲ್ಲಿ ಓದಿಕೊಂಡು ಕಡಿತವೇ ಮೊದಲು ಎಂದು ಉತ್ತರಿಸುವ ಸಾಧ್ಯತೆ ಇದೆ.

ಬ್ಯಾಂಕಿನ ಬಾಗಿಲು ತಟ್ಟಬೇಕಾದ ಸಂದರ್ಭವೂ ಉಂಟು. ಇ-ಮ್ಯಾಂಡೇಟ್ ಅನ್ನು ನೀವು ಬ್ಯಾಂಕಿನಲ್ಲೇ ತೆಗೆದುಹಾಕಿದ್ದೀರಿ, ಅದರ ದೃಢೀಕರಣವೂ ಇದೆ, ಆದರೂ ಅದೇ ಕಾರ್ಡಿನಿಂದ ಒಟಿಪಿ ಇಲ್ಲದೆ ಹಣ ಹೋಗಿದೆ ಎಂದಾದರೆ ಉತ್ತರ ಕೊಡಬೇಕಾದದ್ದು ಬ್ಯಾಂಕು. ಮುನ್ಸೂಚನೆಯೇ ಬಾರದೆ ಕಡಿತವಾಗಿದ್ದರೂ ಕೇಳಬೇಕಾದದ್ದು ಅದನ್ನೇ. ಎಸ್‌ಎಂಎಸ್ ಬಂದ ಮೂರು ಕೆಲಸದ ದಿನಗಳೊಳಗೆ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಅನಧಿಕೃತ ವಹಿವಾಟುಗಳಲ್ಲಿ ಗ್ರಾಹಕರ ಹೊಣೆ ಎಷ್ಟು ಎಂಬುದನ್ನು ರಿಸರ್ವ್ ಬ್ಯಾಂಕಿನ ನಿಯಮ ಈ ದಿನಗಳ ಲೆಕ್ಕದ ಮೇಲೆಯೇ ನಿರ್ಧರಿಸುತ್ತದೆ. 30 ದಿನಗಳಲ್ಲಿ ಬ್ಯಾಂಕು ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ `cms.rbi.org.in` ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.